ಮೀಟರಿನ ಬಳಿ 390, ಬೋರಿನ ಬಳಿ ಎಷ್ಟು?

ಕಳೆದ ಬೇಸಿಗೆಯಲ್ಲಿ ಒಂದೇ ಒಂದು ಕೇಬಲ್ಲಿಗೆ 99,000 ರೂಪಾಯಿ ಕೊಟ್ಟೆ. ತಿಪಟೂರು ಕಡೆಯ ನಮ್ಮ ತೆಂಗಿನ ತೋಟದಲ್ಲಿ ಹಳೆಯ ಬೋರು ಬತ್ತಿತ್ತು. ಹೊಸದಕ್ಕೆ ನೀರು ಸಿಕ್ಕಿದ್ದು ತೋಟದ ಇನ್ನೊಂದು ತುದಿಯಲ್ಲಿ, ಮೀಟರಿನಿಂದ 450 ಮೀಟರ್ ದೂರದಲ್ಲಿ. 10 ಎಂಎಂ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ ಸಾಕು ಎಂದು ಅಂಗಡಿಯವರೂ ಹೇಳಿದರು, ನನ್ನ ತಮ್ಮನೂ ಹೇಳಿದ. ಅದಕ್ಕೆ ಮೀಟರಿಗೆ 130 ರೂಪಾಯಿ, ಒಟ್ಟು 58,500. ನಾನು 25 ಎಂಎಂ ತಂದೆ, ಮೀಟರಿಗೆ 220. ಹೆಚ್ಚಿಗೆ ಬಿದ್ದದ್ದು 40,500. "ಕರೆಂಟೇ ಫ್ರೀ, ಇಷ್ಟು ದಪ್ಪ ವೈರು ಯಾವ ಲೆಕ್ಕಕ್ಕಣ್ಣ?" ಎಂದು ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆ. ಇವತ್ತಿನ ಅಂಕಣ ಅದಕ್ಕೆ ಉತ್ತರ.

ನಮ್ಮದು 7.5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್. ಪೂರ್ತಿ ವೋಲ್ಟೇಜ್ ಇದ್ದಾಗ ಸುಮಾರು 15 ಆಂಪಿಯರ್ ಎಳೆಯುತ್ತದೆ. ಐಎಸ್‌ಐ ಗುರುತಿನ 10 ಎಂಎಂ ಅಲ್ಯೂಮಿನಿಯಂ ತಂತಿಯ ರೋಧ ಕಿಲೋಮೀಟರಿಗೆ 3.08 ಓಮ್, 450 ಮೀಟರಿಗೆ 1.39. ತ್ರೀ ಫೇಸ್ ಆದ್ದರಿಂದ 1.73 ಗುಣಿಸು 15 ಗುಣಿಸು 1.39 ಅಂದರೆ 36 ವೋಲ್ಟ್ ದಾರಿಯಲ್ಲೇ ಹೋಯಿತು. ಪವರ್ ಫ್ಯಾಕ್ಟರ್ ಸೇರಿಸಿದರೆ ಈ ಅಂಕಿ ಕೊಂಚ ಇಳಿಯುತ್ತದೆ, ತಂತಿ ಬಿಸಿಯಾದಾಗ ಕೊಂಚ ಏರುತ್ತದೆ. ಎರಡೂ ಬಹುಪಾಲು ಸರಿದೂಗುತ್ತವೆ, ಹಾಗಾಗಿ 36 ಅನ್ನೇ ಇಟ್ಟುಕೊಳ್ಳೋಣ. ಇದೇ ಲೆಕ್ಕವನ್ನು 25 ಎಂಎಂಗೆ ಹಾಕಿದರೆ ಕಿಲೋಮೀಟರಿಗೆ 1.20 ಓಮ್, ನಷ್ಟ 14 ವೋಲ್ಟ್.

ಅನೇಕರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಬೋರಿನ ಬಾಯಿಯಿಂದ ಕೆಳಗೆ ಇನ್ನೂ 650 ಅಡಿ ವೈರು ಇದೆ ಎಂಬುದು ಮರೆತೇಹೋಗುತ್ತದೆ. ನಮ್ಮಲ್ಲಿ ಇಳಿಸಿರುವುದು 6 ಎಂಎಂ ತಾಮ್ರದ ಫ್ಲಾಟ್ ಕೇಬಲ್, ಅದರಲ್ಲಿ 17 ವೋಲ್ಟ್ ಹೋಗುತ್ತದೆ. ಒಟ್ಟು ತೆಳು ವೈರಿನಲ್ಲಿ 53, ದಪ್ಪದ್ದರಲ್ಲಿ 31. ಪಂಪು ಓಡುವಾಗ ನಮ್ಮ ಮೀಟರಿನ ಬಳಿ ಸಿಗುವುದು 390 ವೋಲ್ಟ್. ಅಂದರೆ ಮೋಟರಿನ ಬಾಯಿಗೆ ಮುಟ್ಟುವುದು ಒಂದರಲ್ಲಿ 337, ಇನ್ನೊಂದರಲ್ಲಿ 359. ಇಂಥ ಮೋಟರುಗಳನ್ನು ಸಾಮಾನ್ಯವಾಗಿ 415ಕ್ಕಿಂತ ಶೇ 15ರಷ್ಟು ಕೆಳಗಿನವರೆಗೆ, ಅಂದರೆ 353ರವರೆಗೆ ತಾಳುವಂತೆ ಮಾಡಿರುತ್ತಾರೆ. 40,500 ರೂಪಾಯಿ ಕೊಟ್ಟು ನಾನು ಕೊಂಡದ್ದು ಈ 22 ವೋಲ್ಟನ್ನು.

ವೋಲ್ಟೇಜ್ ಇಳಿದರೆ ಮೋಟರ್ ಸುಮ್ಮನೆ ನಿಧಾನವಾಗುತ್ತದೆ, ಅಷ್ಟೇ ತಾನೇ ಎಂದುಕೊಳ್ಳುವವರಿದ್ದಾರೆ. ಬಲ್ಬು ಮಂಕಾಗುತ್ತದೆ ನಿಜ, ಮೋಟರ್ ಹಾಗಲ್ಲ. ನೀರೆತ್ತುವ ಹೊರೆ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಕಡಿಮೆ ವೋಲ್ಟೇಜಿನಲ್ಲಿ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. 15 ಇದ್ದದ್ದು 18 ದಾಟುತ್ತದೆ. ಆಂಪಿಯರ್ ಏರಿದರೆ ವೈರಿನಲ್ಲಿ ಇಳಿಯುವ ವೋಲ್ಟೂ ಏರುತ್ತದೆ, ಹಾಗಾಗಿ 337 ಎಂಬುದು ನಿಜವಾಗಿ 325ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ದಪ್ಪ ವೈರಿನಲ್ಲೂ ಇದು ತಪ್ಪುವುದಿಲ್ಲ. 359 ಇದ್ದದ್ದು ಗಡಿಯ ಹತ್ತಿರಕ್ಕೇ ಬರುತ್ತದೆ, ಆದರೆ ಗಡಿಯೊಳಗೇ ಉಳಿಯುತ್ತದೆ. ವೈಂಡಿಂಗಿನ ಬಿಸಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದು. 15 ಹೋಗಿ 18 ಆದರೆ ಬಿಸಿ ಒಂದೂವರೆಪಟ್ಟಿನ ಸಮೀಪ.

ಈಗ ತಮ್ಮನ ಪ್ರಶ್ನೆಗೆ ಬರೋಣ. ತೆಳು ವೈರು ಬಿಸಿಯಾಗಿ ಕಳೆಯುವುದು ಸುಮಾರು 940 ವ್ಯಾಟ್, ದಪ್ಪದ್ದು 365. ವರ್ಷಕ್ಕೆ 1,200 ಗಂಟೆ ಪಂಪು ಓಡಿಸಿದರೆ ವ್ಯತ್ಯಾಸ 690 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 4,800 ರೂಪಾಯಿ ಆಗುತ್ತದೆ, ಹಾಕಿದ ದುಡ್ಡು ಮರಳಲು ಎಂಟು ವರ್ಷಕ್ಕೂ ಮಿಕ್ಕಿ ಬೇಕು. ಅದೂ ಬಿಲ್ ಕಟ್ಟುವವರಿಗೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಬಿಲ್ಲೇ ಇಲ್ಲ. ಆದ್ದರಿಂದ ಯೂನಿಟ್ ಉಳಿತಾಯದ ಲೆಕ್ಕ ಹೇಳಿ ದಪ್ಪ ವೈರು ಮಾರುವವರ ಮಾತನ್ನು ರೈತರು ನಂಬಬೇಕಾಗಿಲ್ಲ.

ರೈತರು ತೆರುವ ಬಿಲ್ಲು ಬರುವುದು ವೈಂಡಿಂಗ್ ಅಂಗಡಿಯಿಂದ. ನಮ್ಮ ಕಡೆ ಈ ಅಳತೆಯ ಮೋಟರಿಗೆ ಕಾಯಿಲ್ ಕಟ್ಟಿಸಲು 9,000, ಪೈಪಿನ ಸಮೇತ ಮೇಲೆತ್ತಿ ಮತ್ತೆ ಇಳಿಸಲು 8,000. ಒಂದು ಸಲ ಸುಟ್ಟರೆ 17,000 ರೂಪಾಯಿ. ಎರಡು ಸಲ ತಪ್ಪಿದರೆ 34,000, ಮೂರನೆಯದು ತಪ್ಪಿದರೆ ಕೇಬಲ್ಲಿನ ಹೆಚ್ಚುವರಿ ದುಡ್ಡು ತೀರಿತು. ರಿಪೇರಿಯ ದಿನಗಳಲ್ಲಿ ಸಸಿ ಒಣಗಿದ್ದನ್ನು ನಾನು ಈ ಲೆಕ್ಕಕ್ಕೆ ಹಿಡಿದಿಲ್ಲ.

ಪಕ್ಕದ ತೋಟದವರದೂ ಇಷ್ಟೇ ದೂರ, ವೈರು 10 ಎಂಎಂ. ಅವರ ಮೋಟರ್ ಎರಡು ಸಲ ಸುಟ್ಟಿದೆ. ಬಂದ ಎಲೆಕ್ಟ್ರಿಷಿಯನ್ ಬೋರಿನ ಬಳಿ ಮೀಟರ್ ಹಿಡಿದು, "ಫುಲ್ ವೋಲ್ಟೇಜ್ ಬರ್ತಾ ಇದೆ ಸಾರ್, ಮೋಟರ್ರೇ ಸರಿ ಇಲ್ಲ" ಅಂದರಂತೆ. ಆಗ ಪಂಪು ನಿಂತಿತ್ತು. ಕರೆಂಟು ಹರಿಯದಿದ್ದರೆ ಎಷ್ಟು ತೆಳುವಾದ ವೈರಿನಲ್ಲೂ ವೋಲ್ಟೇಜ್ ಇಳಿಯುವುದಿಲ್ಲ. ಪಂಪು ಓಡುತ್ತಿರುವಾಗ ಮೀಟರಿನ ಬಳಿ ಒಮ್ಮೆ, ಬೋರಿನ ಬಾಯಲ್ಲಿ ಒಮ್ಮೆ ಅಳೆಯಬೇಕು. ಎರಡರ ವ್ಯತ್ಯಾಸವೇ ವೈರು ತಿಂದದ್ದು. ನಮ್ಮಲ್ಲಿ 390 ಮತ್ತು 375 ಬಂತು. ಲೆಕ್ಕಕ್ಕಿಂತ ವ್ಯತ್ಯಾಸ ತುಂಬಾ ಹೆಚ್ಚಿದ್ದರೆ ನಡುವಿನ ಜಾಯಿಂಟ್ ನೋಡಿ. ಅಲ್ಯೂಮಿನಿಯಂಗೆ ತಾಮ್ರವನ್ನು ಬರಿಗೈಯಲ್ಲಿ ಸುತ್ತಿ ಟೇಪು ಹಾಕಿದ ಕಡೆ ರೋಧ ವರ್ಷ ವರ್ಷ ಬೆಳೆಯುತ್ತದೆ. ಮೀಟರಿನ ಬಳಿಯೇ 350 ಇದ್ದರೆ ಮಾತ್ರ ಯಾವ ವೈರೂ ಉಪಯೋಗವಿಲ್ಲ. ಅದು ಟಿಸಿಯ ತಕರಾರು.

ಪಕ್ಕದವರು ಇದಕ್ಕೆ ಕಂಡುಕೊಂಡ ಪರಿಹಾರ 'ಪವರ್ ಸೇವರ್' ಎಂಬ ಪೆಟ್ಟಿಗೆ. ಮೀಟರಿನ ಪಕ್ಕದ ಸ್ಟಾರ್ಟರ್ ಬೋರ್ಡಿನಲ್ಲಿ ಹಸಿರು ದೀಪ ಉರಿಯುತ್ತಾ ಕೂತಿದೆ. ಅದರೊಳಗೆ ಇರುವುದು ಬಹಳವೆಂದರೆ ಒಂದು ಕೆಪ್ಯಾಸಿಟರ್. ಸರಿಯಾದ ಅಳತೆಯ ಕೆಪ್ಯಾಸಿಟರನ್ನು ಬೋರಿನ ಬಾಯಲ್ಲಿ ಮೋಟರಿಗೆ ಜೋಡಿಸಿದರೆ ವೈರಿನ ಆಂಪಿಯರ್ ಸ್ವಲ್ಪ ಇಳಿದೀತು. ಮೀಟರಿನ ಬಳಿ ಕೂರಿಸಿದರೆ ಅದರಾಚೆಗಿನ 450 ಮೀಟರಿನಲ್ಲಿ ಏನೂ ಬದಲಾಗದು. ಇದನ್ನು ಮಾರಿದವರಿಗೆ ಇಷ್ಟೂ ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು ಅಭ್ಯಾಸ. ರಿಲೇ ಪದೇ ಪದೇ ಟ್ರಿಪ್ ಆಗುತ್ತದೆಂದು ಅದರ ತಿರುಪನ್ನು 15ರಿಂದ 20ಕ್ಕೆ ತಿರುಗಿಸಿಬಿಡುವುದು. ಮೋಟರ್ ಸುಡುವ ಮುನ್ನ ಎಚ್ಚರಿಸುವುದು ಅದೊಂದೇ, ಅದರ ಬಾಯಿಯನ್ನೇ ಕಟ್ಟಿದ ಹಾಗಾಯಿತು. 17,000 ಕೊಟ್ಟು ಮೋಟರ್ ಎತ್ತಿಸುವವರು ಒಂದು ಟಾಂಗ್ ಟೆಸ್ಟರ್ ಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಕೇಬಲ್ ಅಂಗಡಿಯಲ್ಲಿ ಮೀಟರಿಗೆ ಎಷ್ಟು ರೂಪಾಯಿ ಎಂದು ಕೇಳುವ ಮೊದಲು ನಿಮ್ಮ ದೂರ, ಮೋಟರಿನ ಆಂಪಿಯರ್, ಮೀಟರಿನ ಬಳಿಯ ವೋಲ್ಟೇಜ್ ಈ ಮೂರನ್ನೂ ಬರೆದುಕೊಂಡು ಹೋಗಿ. ಬೋರು 100 ಮೀಟರಿನೊಳಗೇ ಇದ್ದರೆ 10 ಎಂಎಂನಲ್ಲಿ ಹೋಗುವುದು 8 ವೋಲ್ಟ್ ಮಾತ್ರ. ಆಗ ನನ್ನಂತೆ ಖರ್ಚು ಮಾಡಬೇಡಿ.