ಶಾಸನದ ಮಾತನ್ನು ಎಷ್ಟು ನಂಬಬೇಕು? ಐಹೊಳೆ ಶಾಸನವನ್ನು ಆಧರಿಸಿದ ಒಂದು ಅಭ್ಯಾಸ ಹಾಳೆ

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಬರುವ ಎಂಟನೆಯ ತರಗತಿಯಿಂದ ಮೇಲ್ಪಟ್ಟ ವಿದ್ಯಾರ್ಥಿಗಳಿಗೆ ಐತಿಹಾಸಿಕ ದಾಖಲೆಯೊಂದನ್ನು ಪರೀಕ್ಷಿಸುವ ಕ್ರಮವನ್ನು ಕಲಿಸಲು ಈ ಕೆಳಗೆ ವಿವರಿಸಿದ ಅಭ್ಯಾಸ ಹಾಳೆಯನ್ನು ಬಳಸಬಹುದಾಗಿದೆ. ಮಾನ್ಯ ಸದಸ್ಯರು ಮಕ್ಕಳ ಜೊತೆಯಲ್ಲಿ ಕುಳಿತು ತಾವೂ ಇದನ್ನು ತುಂಬಬಹುದು. ಉದಾಹರಣೆಗೆ ಆಯ್ದುಕೊಂಡಿರುವುದು ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ, ಗುಡ್ಡದ ಮೇಲಿನ ಮೇಗುತಿ ಜಿನಾಲಯದ ಗೋಡೆಯಲ್ಲಿರುವ ಶಾಸನ. ಇಮ್ಮಡಿ ಪುಲಕೇಶಿಯು ಉತ್ತರದ ಹರ್ಷವರ್ಧನನನ್ನು ಸೋಲಿಸಿದನೆಂದು ಪಠ್ಯಪುಸ್ತಕದಲ್ಲಿ ಓದುವ ಮಾತಿಗೆ ಮುಖ್ಯ ಆಧಾರ ಇದೇ ಕಲ್ಲು.

ಹಾಳೆಯಲ್ಲಿ ನಾಲ್ಕು ಕಲಮುಗಳಿವೆ. ಮೊದಲನೆಯದು: ಬರೆದವರು ಯಾರು, ಯಾವಾಗ, ಯಾರ ಕಣ್ಣಿಗಾಗಿ? ಎರಡನೆಯದು: ಈ ಮಾತಿನಿಂದ ಯಾರಿಗೆ ಲಾಭ? ಮೂರನೆಯದು: ಇದೇ ಸಂಗತಿಯನ್ನು ಸಂಬಂಧವಿಲ್ಲದ ಬೇರೊಬ್ಬರು ಹೇಳಿರುವರೇ? ನಾಲ್ಕನೆಯದು: ದಾಖಲೆ ಏನನ್ನು ಹೇಳದೆ ಬಿಟ್ಟಿದೆ? ಇಡೀ ಶಾಸನಕ್ಕೆ ಒಂದೇ ಸಲ ಉತ್ತರ ಬರೆಸಬಾರದು. ಶಾಸನದ ಒಂದೊಂದು ಹೇಳಿಕೆಗೂ ಒಂದೊಂದು ಸಾಲನ್ನು ಪ್ರತ್ಯೇಕವಾಗಿ ತುಂಬಿಸಬೇಕು. ಈ ನಿಯಮವನ್ನು ಮೀರಿದರೆ ಅಭ್ಯಾಸವೇ ಕೆಡುತ್ತದೆ. ಏಕೆಂದರೆ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: "ಕವಿ ರಾಜನ ಕಡೆಯವನು, ಆದ್ದರಿಂದ ಶಾಸನವೆಲ್ಲ ಸುಳ್ಳು" ಎಂದು ಬರೆದು ಹಾಳೆಯನ್ನು ಮುಗಿಸಿಬಿಡುವುದು.

ಮೊದಲ ಕಲಮು ಸುಲಭ. ಶಾಸನವೇ ತನ್ನ ಕಾಲವನ್ನು ಶಕವರ್ಷ 556 ಎಂದು ತಿಳಿಸುತ್ತದೆ, ಅದು ಕ್ರಿ.ಶ. 634-35. ಭಾಷೆ ಸಂಸ್ಕೃತ, ಲಿಪಿ ಆ ಕಾಲದ ಕನ್ನಡ ಲಿಪಿ. ರಚಿಸಿದವನು ರವಿಕೀರ್ತಿ, ಜಿನಾಲಯವನ್ನು ಕಟ್ಟಿಸಿದವನೂ ಅವನೇ. ತಾನು ಪುಲಕೇಶಿಯ ಪರಮ ಅನುಗ್ರಹವನ್ನು ಪಡೆದವನೆಂದು ಆತ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಹೀಗೆ ಎರಡನೆಯ ಕಲಮಿಗೂ ಉತ್ತರ ದೊರೆತಂತಾಯಿತು. ಬದುಕಿರುವ, ಅಧಿಕಾರದಲ್ಲಿರುವ ಅರಸನನ್ನು ಅವನ ಆಶ್ರಿತನು ಹೊಗಳಿದ ಪ್ರಶಸ್ತಿ ಇದು. ಪಕ್ಷಪಾತವಿದೆ, ಅದರಲ್ಲಿ ಸಂಶಯವಿಲ್ಲ.

ಈಗ ಹರ್ಷನ ಸೋಲಿನ ಹೇಳಿಕೆಯನ್ನು ಮೂರನೆಯ ಕಲಮಿಗೆ ತರಬೇಕು. ಯುದ್ಧದಲ್ಲಿ ತನ್ನ ಆನೆಗಳು ಬಿದ್ದುದನ್ನು ಕಂಡು ಹರ್ಷನ ಹರ್ಷವೇ ಭಯದಿಂದ ಕರಗಿತೆಂದು ರವಿಕೀರ್ತಿಯು ಹೆಸರಿನ ಮೇಲೆ ಶ್ಲೇಷೆ ಮಾಡಿದ್ದಾನೆ. ಇದನ್ನು ಸಮರ್ಥಿಸುವ ಸಾಕ್ಷಿಗಳನ್ನು ಹುಡುಕಿದರೆ ಮೊದಲು ಸಿಗುವುವು ಪುಲಕೇಶಿಯ ವಂಶಜರ ತಾಮ್ರಪಟಗಳು. ಉತ್ತರಾಪಥದ ಒಡೆಯನಾದ ಹರ್ಷನನ್ನು ಗೆದ್ದು ಪುಲಕೇಶಿಯು ಪರಮೇಶ್ವರನೆಂಬ ಬಿರುದನ್ನು ಪಡೆದನೆಂದು ಅವು ಮತ್ತೆ ಮತ್ತೆ ಹೇಳುತ್ತವೆ. ಇವೆಲ್ಲವನ್ನೂ ಬೇರೆ ಬೇರೆ ಸಾಕ್ಷಿಗಳೆಂದು ಎಣಿಸುವುದು ತಪ್ಪು. ಅರಮನೆಯ ಒಂದೇ ಒಕ್ಕಣೆಯನ್ನು ತಲೆಮಾರಿನಿಂದ ತಲೆಮಾರಿಗೆ ನಕಲು ಮಾಡಿರುವುದರಿಂದ ಎಷ್ಟೇ ಪಟಗಳಿದ್ದರೂ ಸಾಕ್ಷಿ ಒಂದೇ. ಒಂದು ನಡವಳಿಯ ಹತ್ತು ಜೆರಾಕ್ಸ್ ಪ್ರತಿಗಳು ಹತ್ತು ಸಭೆಗಳಾಗುವುದಿಲ್ಲವೆಂಬುದನ್ನು ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ನಿಜವಾದ ಎರಡನೆಯ ಸಾಕ್ಷಿ ದೊರೆಯುವುದು ಚೀನಾದಿಂದ ಬಂದ ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗನಲ್ಲಿ. ಸುಮಾರು 641ರ ಹೊತ್ತಿಗೆ ಆತನು ಪುಲಕೇಶಿಯ ರಾಜ್ಯಕ್ಕೆ ಬಂದನು. ಹರ್ಷನು ಪೂರ್ವ ಪಶ್ಚಿಮಗಳ ನಾಡುಗಳನ್ನು ಗೆದ್ದರೂ, ಸ್ವತಃ ಸೈನ್ಯವನ್ನು ನಡೆಸಿಕೊಂಡು ಬಂದರೂ, ಈ ನಾಡಿನವರು ಮಾತ್ರ ಅವನಿಗೆ ಮಣಿಯಲಿಲ್ಲವೆಂದು ಅವನ ಪ್ರವಾಸ ವೃತ್ತಾಂತದಲ್ಲಿದೆ. ಈ ಮಾತಿಗೆ ಇಷ್ಟು ತೂಕ ಏಕೆಂದು ಮಕ್ಕಳನ್ನು ಕೇಳಬೇಕು. ಹ್ಯೂಯೆನ್ ತ್ಸಾಂಗನು ಹರ್ಷನಿಂದ ಅಪಾರ ಗೌರವವನ್ನು ಪಡೆದವನು, ಅವನನ್ನು ಮನಸಾರೆ ಮೆಚ್ಚಿದವನು. ಪುಲಕೇಶಿಯನ್ನು ಮೇಲೆತ್ತಿ ತೋರಿಸಲು ಅವನಿಗೆ ಯಾವ ಕಾರಣವೂ ಇರಲಿಲ್ಲ. ಬರೆದವನ ಒಲವಿಗೆ ವಿರುದ್ಧವಾಗಿ ಬಂದ ಮಾತು ಒಲವಿನಿಂದ ಬಂದ ಮಾತಿಗಿಂತ ಹೆಚ್ಚು ನಂಬಿಕೆಗೆ ಅರ್ಹವೆಂಬುದು ಈ ಸಾಲಿನಿಂದ ಹೊರಡುವ ತಿಳಿವಳಿಕೆ.

ಆದರೂ ಎರಡು ಸಾಕ್ಷಿಗಳು ಎಲ್ಲಿಯವರೆಗೆ ಒಪ್ಪುತ್ತವೆ ಎಂಬುದನ್ನು ಎಚ್ಚರಿಕೆಯಿಂದ ಗುರುತಿಸಬೇಕು. ಹರ್ಷನು ದಂಡೆತ್ತಿ ಬಂದನು, ದಕ್ಷಿಣವನ್ನು ವಶಪಡಿಸಿಕೊಳ್ಳಲಾಗಲಿಲ್ಲ. ಇಷ್ಟು ಎರಡರಲ್ಲಿಯೂ ಇದೆ. ಹರ್ಷನು ಭಯದಿಂದ ನಡುಗಿದನೆಂಬುದು ರವಿಕೀರ್ತಿಯಲ್ಲಿ ಮಾತ್ರ ಇದೆ. ಯುದ್ಧ ನಡೆದುದು ನರ್ಮದೆಯ ದಡದಲ್ಲಿ ಎಂದು ಪುಸ್ತಕಗಳು ಹೇಳುವುದುಂಟು. ಹರ್ಷನ ಸೋಲನ್ನು ಹೇಳುವ ಪದ್ಯದಲ್ಲಿ ಸ್ಥಳದ ಹೆಸರೇ ಇಲ್ಲ. ಅದರ ಮುಂದಿನ ಪದ್ಯದಲ್ಲಿ ವಿಂಧ್ಯ ಮತ್ತು ರೇವಾ, ಅಂದರೆ ನರ್ಮದೆ, ಬರುತ್ತವೆ. ಎರಡನ್ನೂ ಜೋಡಿಸಿ ಇತಿಹಾಸಕಾರರು ಮಾಡಿದ ಊಹೆ ಅದು. ಯುಕ್ತವಾದ ಊಹೆಯೇ ಆದರೂ ಹಾಳೆಯಲ್ಲಿ "ಊಹೆ" ಎಂದೇ ದಾಖಲಾಗಬೇಕು.

ಇನ್ನೊಂದು ಸಾಲಿಗೆ ಪಲ್ಲವರ ಪ್ರಸಂಗವನ್ನು ತೆಗೆದುಕೊಳ್ಳಬೇಕು. ಪಲ್ಲವ ದೊರೆಯು ಕಾಂಚೀಪುರದ ಕೋಟೆಯ ಹಿಂದೆ ಅಡಗುವಂತಾಯಿತೆಂದು ರವಿಕೀರ್ತಿ ಹೇಳುತ್ತಾನೆ. ಪಲ್ಲವರ ಕಾಶಾಕುಡಿ ತಾಮ್ರಪಟವು ಮಹೇಂದ್ರವರ್ಮನು ಪುಳ್ಳಲೂರಿನಲ್ಲಿ ಶತ್ರುಗಳನ್ನು ನಾಶಮಾಡಿದನೆನ್ನುತ್ತದೆ. ವಿದ್ಯಾರ್ಥಿಗಳು ಇಲ್ಲಿ ಕೂಡಲೇ "ಒಬ್ಬರು ಸುಳ್ಳು ಹೇಳಿದ್ದಾರೆ" ಎನ್ನುವರು. ಅವಸರ ಬೇಡ. ಕಾಶಾಕುಡಿ ಪಟವು ಎಂಟನೆಯ ಶತಮಾನದ್ದು, ಘಟನೆಗೆ ನೂರು ವರ್ಷಕ್ಕೂ ಹಿಂದಿನದಲ್ಲ, ಮುಂದಿನದು. ಮೇಲಾಗಿ ಸೋತ ಶತ್ರುವಿನ ಹೆಸರನ್ನೇ ಅದು ಹೇಳುವುದಿಲ್ಲ. ಪುಳ್ಳಲೂರು ಕಾಂಚಿಗೆ ಸಮೀಪದ ಊರು. ಚಾಲುಕ್ಯರ ಸೇನೆ ಕಾಂಚಿಯ ಹತ್ತಿರದವರೆಗೂ ಹೋಯಿತು, ನಗರವನ್ನು ಹಿಡಿಯಲಿಲ್ಲ ಎಂದು ತಿಳಿದರೆ ಎರಡೂ ಕಡೆಯವರು ಅದೇ ಸಂಗತಿಯನ್ನು ತಮ್ಮ ತಮ್ಮ ಗೆಲುವಾಗಿ ಬಣ್ಣಿಸಿರಲು ಸಾಧ್ಯ. ರವಿಕೀರ್ತಿಯು ಕಾಂಚಿಯನ್ನು ಗೆದ್ದೆವೆಂದು ಹೇಳಿಲ್ಲವೆಂಬುದನ್ನು ಗಮನಿಸಬೇಕು. ಹೊಗಳುಭಟನೂ ಹೇಳಲು ಹಿಂಜರಿದ ಮಾತು ನಾಲ್ಕನೆಯ ಕಲಮಿನಲ್ಲಿ ಬೆಲೆಯುಳ್ಳ ಸಾಕ್ಷ್ಯ.

ಅದೇ ಕಲಮಿನಲ್ಲಿ ಇನ್ನೊಂದು ಮೌನವೂ ಇದೆ. ಸುಮಾರು 642ರಲ್ಲಿ ಮಹೇಂದ್ರವರ್ಮನ ಮಗ ನರಸಿಂಹವರ್ಮನು ಬಾದಾಮಿಯನ್ನೇ ವಶಪಡಿಸಿಕೊಂಡನು. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಐಹೊಳೆ ಶಾಸನದಲ್ಲಿ ಇದರ ಸುಳಿವಿಲ್ಲ. "ರವಿಕೀರ್ತಿ ಸೋಲನ್ನು ಮುಚ್ಚಿಟ್ಟನು" ಎಂದು ಬರೆದ ವಿದ್ಯಾರ್ಥಿಗೆ ಮೊದಲ ಕಲಮನ್ನು ಮತ್ತೊಮ್ಮೆ ಓದಲು ಹೇಳಬೇಕು. ಶಾಸನ ಕೊರೆದಾಗ ಆ ಸೋಲು ಇನ್ನೂ ಸಂಭವಿಸಿರಲಿಲ್ಲ. ಇನ್ನು ನರಸಿಂಹವರ್ಮನ ಶಾಸನವೂ ಗೆದ್ದವನದೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಅಲ್ಲಿ ಅಕ್ಷರಕ್ಕಿಂತ ಸ್ಥಳವೇ ಸಾಕ್ಷಿ: ಶತ್ರುವಿನ ರಾಜಧಾನಿಯ ಬಂಡೆಯಲ್ಲಿ ಕೊರೆಸಲು ಆ ರಾಜಧಾನಿ ಕೈವಶವಾಗಿರಲೇಬೇಕು.

ಕೊನೆಯ ಸಾಲಿಗೆ ರವಿಕೀರ್ತಿಯ ಆತ್ಮಪ್ರಶಂಸೆ ಬರುತ್ತದೆ. ತನ್ನ ಕೀರ್ತಿ ಕಾಳಿದಾಸ ಮತ್ತು ಭಾರವಿಯರ ಕೀರ್ತಿಗೆ ಸಮನೆಂದು ಆತ ಹೇಳಿಕೊಂಡಿದ್ದಾನೆ. ಇದಕ್ಕಿಂತ ಪಕ್ಷಪಾತದ ಮಾತು ಶಾಸನದಲ್ಲಿ ಇನ್ನೊಂದಿಲ್ಲ, ನಂಬುವ ಅಗತ್ಯವೂ ಇಲ್ಲ. ಆದರೆ ಅದೇ ಮಾತಿನಿಂದ, 634ರ ವೇಳೆಗೆ ಆ ಇಬ್ಬರು ಕವಿಗಳೂ ಕನ್ನಡ ನಾಡಿನಲ್ಲಿ ಪ್ರಸಿದ್ಧರಾಗಿದ್ದರೆಂಬುದು ಖಚಿತವಾಗುತ್ತದೆ. ಇದನ್ನು ಸಾಧಿಸುವುದು ಅವನ ಉದ್ದೇಶವಾಗಿರಲಿಲ್ಲ, ಆದ್ದರಿಂದ ತಿರುಚುವ ಕಾರಣವೂ ಇರಲಿಲ್ಲ. ಕಾಮಗಾರಿಯ ನಾಮಫಲಕದಲ್ಲಿನ ಹೊಗಳಿಕೆಯನ್ನು ಬದಿಗಿಟ್ಟು ದಿನಾಂಕ ಮತ್ತು ಯೋಜನೆಯ ಹೆಸರನ್ನು ಓದಿಕೊಳ್ಳುವ ರೂಢಿಯೂ ಇಂಥದೇ.

ಈ ನಾಲ್ಕು ಸಾಲುಗಳನ್ನು ತುಂಬಲು ಎರಡು ಅವಧಿಗಳು ಬೇಕಾಗುತ್ತವೆ. ಶಾಸನದ ಕನ್ನಡ ಸಾರಾಂಶವನ್ನು ಮೊದಲೇ ಓದಿಸಿರಬೇಕು. ಮೂರನೆಯ ಕಲಮಿನಲ್ಲಿ ಬೇರೆ ಸಾಕ್ಷಿ ದೊರೆಯದಿದ್ದಲ್ಲಿ "ದೊರೆತಿಲ್ಲ" ಎಂದು ಬರೆಯಲು ಬಿಡಬೇಕು. ಆ ಉತ್ತರಕ್ಕೂ ಪೂರ್ಣ ಅಂಕ ನೀಡತಕ್ಕದ್ದು.