ಆಸ್ಪತ್ರೆಯಲ್ಲಿದ್ದಾಗ ತಪ್ಪಿದ ಕಂತು: ದಂಡ ಮನ್ನಾಕ್ಕೆ ಬ್ಯಾಂಕಿಗೆ ಅರ್ಜಿ ಹೀಗೆ

ಟ್ರ್ಯಾಕ್ಟರ್ ಸಾಲದ ನನ್ನ ಅರೆವಾರ್ಷಿಕ ಕಂತು 42,000 ರೂಪಾಯಿ. 2025ರ ಜನವರಿ 10ಕ್ಕೆ ಕಟ್ಟಬೇಕಿತ್ತು. ತೊಡೆಯ ಮೂಳೆ ಮುರಿದು ಜನವರಿ 3ರಿಂದ 26ರವರೆಗೆ ನಾನು ಆಸ್ಪತ್ರೆಯಲ್ಲಿದ್ದೆ. ತೊಗರಿ ಇನ್ನೂ ಹೊಲದಲ್ಲೇ ಇತ್ತು. ಮನೆಗೆ ಬಂದ ಮೇಲೆ ರಾಶಿ ಮಾಡಿಸಿ, ಮಾರಿ, ಫೆಬ್ರವರಿ 10ಕ್ಕೆ ಕಂತು ಕಟ್ಟಿದೆ. ಅಷ್ಟರಲ್ಲಿ ಖಾತೆಗೆ ದಂಡ ಬಿದ್ದಿತ್ತು.

ಅರ್ಜಿ ಬರೆಯುವ ಮೊದಲು ಎರಡು ಕೆಲಸ ಮಾಡಬೇಕು. ಒಂದು, ಬಾಕಿ ಕಂತು ಕಟ್ಟಿ ರಸೀದಿ ಇಟ್ಟುಕೊಳ್ಳುವುದು. ಕಂತೇ ಬಾಕಿ ಇರುವಾಗ ದಂಡ ಬಿಡಿ ಅಂದರೆ ಮ್ಯಾನೇಜರ್ ಅರ್ಜಿಯನ್ನು ಬದಿಗಿಡ್ತಾರೆ. ಎರಡು, ಸಾಲದ ಖಾತೆಯ ಸ್ಟೇಟ್‌ಮೆಂಟ್ ತರುವುದು. 'ದಂಡ ಬಹಳ ಹಾಕ್ಯಾರ' ಅಂತ ಬರೆದರೆ ಯಾರೂ ಏನೂ ಮಾಡಲಾರರು. ಯಾವ ತಾರೀಖು, ಯಾವ ಹೆಸರಲ್ಲಿ, ಎಷ್ಟು ಅಂತ ಹೇಳಬೇಕು.

ನನ್ನ ಸ್ಟೇಟ್‌ಮೆಂಟಿನಲ್ಲಿ ಮೂರು ಬಗೆ ಇದ್ದವು. ತಡವಾದ 31 ದಿನಕ್ಕೆ ದಂಡ ಶುಲ್ಕ 840. ಅದರ ಮೇಲೆ ಜಿಎಸ್‌ಟಿ 151.20. ಉಳಿತಾಯ ಖಾತೆಯಲ್ಲಿ ಹಣವಿಲ್ಲದೆ ಕಂತು ಎರಡು ಸಲ ವಾಪಸಾಗಿದ್ದಕ್ಕೆ ತಲಾ 500. ಒಟ್ಟು 1,991.20. ಇದರ ಜೊತೆ ಆ 31 ದಿನದ ಮಾಮೂಲಿ ಬಡ್ಡಿಯೂ ಇತ್ತು. ಅದನ್ನು ಕೇಳಲು ಹೋಗಬಾರದು. ಹಣ ನಮ್ಮ ಹತ್ತಿರವೇ ಇತ್ತಲ್ಲ, ಬಡ್ಡಿ ಅವರಿಗೆ ಸಲ್ಲಬೇಕಾದದ್ದು. ಅದನ್ನೂ ಸೇರಿಸಿದರೆ ಉಳಿದದ್ದೂ ಸಿಗುವುದಿಲ್ಲ.

ಈ ಮೂರರಲ್ಲೂ ಒಂದು ಭೇದ ಇದೆ, ಅದನ್ನು ತಿಳಿದರೆ ಅರ್ಜಿ ಅರ್ಧ ಮುಗಿದಂತೆ. ದಂಡ ಶುಲ್ಕ, ವಾಪಸಾದ ಶುಲ್ಕ ಬಿಡುವುದು ಬ್ಯಾಂಕಿನ ಇಚ್ಛೆ. ಅದನ್ನು ವಿನಂತಿ ಮಾಡಿ ಕೇಳಬೇಕು. ಜಿಎಸ್‌ಟಿ ಹಾಗಲ್ಲ. ಬ್ಯಾಂಕಿನ ದಂಡ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ ಎಂದು 2025ರ ಜನವರಿಯಲ್ಲೇ ಕೇಂದ್ರ ತೆರಿಗೆ ಮಂಡಳಿ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಹಾಗೆಯೇ ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆಯ ಪ್ರಕಾರ ದಂಡವನ್ನು ಬಡ್ಡಿ ದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ, ಯಾಕೆ ಹಾಕಿದರು ಎಂಬುದನ್ನು ಸಾಲಗಾರನಿಗೆ ತಿಳಿಸಬೇಕು. ಇವು ಹಕ್ಕಿನ ಮಾತು. ವಿನಂತಿ, ಹಕ್ಕು ಎರಡನ್ನೂ ಕಲಸದೆ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ. ನಾನು ಕೊಟ್ಟ ಅರ್ಜಿ ಇದು:

ಶಾಖಾ ವ್ಯವಸ್ಥಾಪಕರಿಗೆ,
ವಿಷಯ: ಟ್ರ್ಯಾಕ್ಟರ್ ಸಾಲ ಖಾತೆ ನಂ. ........ ರ ದಂಡ ಶುಲ್ಕ ಮನ್ನಾ ಬಗ್ಗೆ.
ಮಾನ್ಯರೇ,
ಈ ಖಾತೆಯ 10-1-2025ರ ಕಂತು ರೂ. 42,000ವನ್ನು ನಾನು 10-2-2025ರಂದು ಕಟ್ಟಿರುತ್ತೇನೆ. ಕಾಲು ಮುರಿದು 3-1-2025ರಿಂದ 26-1-2025ರವರೆಗೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದುದೇ ತಡಕ್ಕೆ ಕಾರಣ. ಇದರ ಹಿಂದಿನ ನಾಲ್ಕು ಕಂತುಗಳನ್ನು ವಾಯಿದೆಯೊಳಗೆ ಕಟ್ಟಿರುತ್ತೇನೆ.
ಆದ್ದರಿಂದ ದಂಡ ಶುಲ್ಕ ರೂ. 840 ಮತ್ತು 10-1-2025, 20-1-2025ರಂದು ಹಾಕಿದ ವಾಪಸಾದ ಶುಲ್ಕ ರೂ. 1,000 ಮನ್ನಾ ಮಾಡಬೇಕೆಂದು ವಿನಂತಿ.
ದಂಡ ಶುಲ್ಕದ ಮೇಲೆ ಜಿಎಸ್‌ಟಿ ಎಂದು ರೂ. 151.20 ಹಾಕಲಾಗಿದೆ. ದಂಡ ಶುಲ್ಕಕ್ಕೆ ಜಿಎಸ್‌ಟಿ ಅನ್ವಯಿಸದ ಕಾರಣ ಇದನ್ನು ಖಾತೆಗೆ ವಾಪಸು ಜಮಾ ಮಾಡಬೇಕು.
ಲಗತ್ತು: ಡಿಸ್ಚಾರ್ಜ್ ಕಾರ್ಡು, ಕಂತಿನ ರಸೀದಿ, ಸ್ಟೇಟ್‌ಮೆಂಟ್ (ಪ್ರತಿಗಳು).

ಇಷ್ಟೇ. ಬಡತನ, ಮಳೆ, ಮಗಳ ಮದುವೆ ಯಾವುದನ್ನೂ ಬರೆಯಲಿಲ್ಲ. ಓದುವವರು ನೋಡುವುದು ಒಂದೇ, ವಾಯಿದೆ ದಿನ ಆಸ್ಪತ್ರೆಯ ತಾರೀಖುಗಳ ನಡುವೆ ಬರುತ್ತದೋ ಇಲ್ಲವೋ. ಅದಕ್ಕೇ ಔಷಧದ ಚೀಟಿ ಸಾಲದು, ಸೇರಿದ ದಿನ ಮತ್ತು ಬಿಟ್ಟ ದಿನ ಎರಡೂ ಇರುವ ಡಿಸ್ಚಾರ್ಜ್ ಕಾರ್ಡೇ ಬೇಕು. ಅದರಲ್ಲಿನ ಹೆಸರು ಪಾಸ್‌ಬುಕ್ಕಿನ ಹೆಸರಿಗೆ ತಾಳೆಯಾಗಬೇಕು. ಅಸಲು ತೋರಿಸಿ, ಕೊಡುವುದು ಝೆರಾಕ್ಸ್ ಮಾತ್ರ. ಆಸ್ಪತ್ರೆಯಲ್ಲಿದ್ದದ್ದು ಹೆಂಡತಿಯೋ ಮಗನೋ ಆಗಿದ್ದರೆ ಸಂಬಂಧ ತೋರಿಸಲು ರೇಷನ್ ಕಾರ್ಡಿನ ಪ್ರತಿಯನ್ನೂ ಹಚ್ಚಿರಿ.

ಅರ್ಜಿ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಮನೆಗೆ ತನ್ನಿರಿ. ನಮ್ಮ ಮ್ಯಾನೇಜರ್, 'ಬಾಯಲ್ಲಿ ಹೇಳಿದ್ರೆ ಸಾಕಿತ್ತಲ್ಲ ಗೌಡ್ರ' ಅಂದರು. ಆದರೆ ಮನ್ನಾ ಮಾಡುವ ಅಧಿಕಾರ ಅವರ ಕೈಯಲ್ಲಿರಲಿಲ್ಲ, ಪ್ರಾದೇಶಿಕ ಕಚೇರಿಗೆ ಕಳಿಸಬೇಕಾಯಿತು. ಬಾಯಿಮಾತು ಅಲ್ಲಿಗೆ ಹೋಗುತ್ತಿತ್ತೇ?

ಫೆಬ್ರವರಿ 12ಕ್ಕೆ ಕೊಟ್ಟದ್ದು. ಮಾರ್ಚ್ ಮೊದಲ ವಾರ 840, 151.20 ಮತ್ತು ಒಂದು ಸಲದ 500 ಜಮಾ ಆದವು. ಇನ್ನೊಂದು 500 ಬಿಡಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಇನ್ನೊಂದು ಮಾತು: ದಂಡ ಮನ್ನಾ ಆದರೂ ಸಿಬಿಲ್ ದಾಖಲೆಯಲ್ಲಿ ಕಂತು ತಡವಾದದ್ದು ಅಳಿಯುವುದಿಲ್ಲ. ತಡವಾದದ್ದು ನಿಜವಷ್ಟೆ.

30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ. cms.rbi.org.in ಎಂಬಲ್ಲಿ ಹಾಕಬೇಕು, ಸೀಲು ಬಿದ್ದ ಪ್ರತಿ ಆಗ ಬೇಕಾಗುತ್ತದೆ. ಅಲ್ಲಿಯೂ ಜಿಎಸ್‌ಟಿ ಹಾಕಿದ್ದು, ದಂಡದ ಮೇಲೆ ಬಡ್ಡಿ ಹಾಕಿದ್ದು ಇಂಥದ್ದನ್ನು ಹೇಳಿದರೆ ಕೇಳುತ್ತಾರೆ. ಬರೀ ಮನ್ನಾ ಮಾಡಲಿಲ್ಲ ಎಂಬ ದೂರು ನಿಲ್ಲುವುದು ಕಷ್ಟ. ಹಳ್ಳಿಯ ಸಹಕಾರಿ ಸೊಸೈಟಿಯ ಸಾಲಕ್ಕೆ ಈ ದಾರಿ ಇಲ್ಲ.