ಹಬ್ಬದ ಸರಕು ತಡವಾದಾಗ ಗ್ರಾಹಕರಿಗೆ ಬರೆಯುವ ಪತ್ರ

ಹಬ್ಬದ ಸರಕಿಗೆ ಕಾಲವೇ ಪ್ರಧಾನ. ಅಂತಹ ಕರಾರಿನಲ್ಲಿ ಗಡುವು ತಪ್ಪಿದರೆ ಅದನ್ನು ರದ್ದುಪಡಿಸುವ ಹಕ್ಕನ್ನು 1872ರ ಭಾರತೀಯ ಕರಾರು ಅಧಿನಿಯಮದ 55ನೇ ಕಲಮು ಗ್ರಾಹಕನಿಗೆ ನೀಡಿದೆ. ಆದುದರಿಂದ ಆತನಿಗೆ ಬೇರೆಡೆ ಖರೀದಿಸಲು ಅವಕಾಶವಿರುವಾಗಲೇ ಕ್ಷಮಾಪಣಾ ಪತ್ರವು ತಲುಪಬೇಕು.

ಮೊದಲು ಲೆಕ್ಕ, ಅನಂತರ ಪತ್ರ. ಉದಾಹರಣೆಗೆ, ತಡಸದ ಖಾರಾ ತಯಾರಕರೊಬ್ಬರಲ್ಲಿ 600 ಕಿಲೋ ಬೇಡಿಕೆ ಬಾಕಿಯಿದೆ. ದಿನದ ಉತ್ಪಾದನೆ 50 ಕಿಲೋ. ದೀಪಾವಳಿಯ ಲಕ್ಷ್ಮೀಪೂಜೆಗೆ 10 ದಿನಗಳಿವೆ. ಕಟ್ಟುವಿಕೆ, ಸಾಗಣೆಗೆ ಕೊನೆಯ 2 ದಿನ ಬಿಟ್ಟರೆ ಸಿದ್ಧವಾಗುವುದು 400 ಕಿಲೋ ಮಾತ್ರ. ಪ್ರತಿ ಅಂಗಡಿಗೂ ಮೂರರಲ್ಲಿ ಎರಡು ಪಾಲು ಹಂಚಿ, ಅಂದೇ ಹೀಗೆ ಬರೆಯಬಹುದು:

“ಮಾನ್ಯರೇ, ತಮ್ಮ 30 ಕಿಲೋ ಬೇಡಿಕೆಯಲ್ಲಿ 20 ಕಿಲೋ ಲಕ್ಷ್ಮೀಪೂಜೆಯ ಮುನ್ನಾದಿನದೊಳಗೆ ತಲುಪುವುದು. ನಮ್ಮ ಶಕ್ತಿ ಮೀರಿ ಬೇಡಿಕೆ ಸ್ವೀಕರಿಸಿದ್ದರಿಂದ ಉಳಿದ 10 ಕಿಲೋ ಹಬ್ಬಕ್ಕೆ ಒದಗದು; ಕ್ಷಮಿಸಬೇಕು. ಅದನ್ನು ಹಬ್ಬದ ನಂತರ ಒಂದು ವಾರದೊಳಗೆ ಕಳುಹಿಸಬೇಕೋ, ಮುಂಗಡ ಮರಳಿಸಬೇಕೋ, ನಾಳೆ ಸಂಜೆಯೊಳಗೆ ತಿಳಿಸಿರಿ.”

ಉತ್ತರ ಬಾರದಿದ್ದರೆ ಮೌನವನ್ನು ಸಮ್ಮತಿಯೆಂದು ತಿಳಿಯದೆ ದೂರವಾಣಿಯಲ್ಲಿ ವಿಚಾರಿಸಬೇಕು. ‘ಶೀಘ್ರವೇ ಕಳುಹಿಸುತ್ತೇವೆ’ ಎಂಬ ಮಾತು ಬೇಡ. ಪತ್ರ ಓದಿದ ಮೇಲೂ ಗ್ರಾಹಕರು “ಮಾಲು ಯಾವಾಗ?” ಎಂದು ಕೇಳಿದರೆ, ಪತ್ರದಲ್ಲಿ ದಿನ ಸ್ಪಷ್ಟವಾಗಿಲ್ಲವೆಂದೇ ಅರ್ಥ.